ಪಟ್ಟಿ, ಪುಟ, ಚಿತ್ರ: ಶಾಪಿಂಗ್ ಜಾಹೀರಾತಿನ ಸರಕುಪಟ್ಟಿಯ ಒಂದು ಸಮೀಕ್ಷೆ

ಗೂಗಲ್‌ನಲ್ಲಿ ಸೀರೆಯನ್ನೋ ಮಿಕ್ಸಿಯನ್ನೋ ಹುಡುಕಿದಾಗ ಫಲಿತಾಂಶಗಳ ಮೇಲ್ತುದಿಯಲ್ಲಿ ಚಿತ್ರ, ಬೆಲೆ ಮತ್ತು ಅಂಗಡಿಯ ಹೆಸರನ್ನು ಹೊತ್ತು ಸಾಲಾಗಿ ನಿಲ್ಲುವ ಚೌಕಗಳನ್ನು ಶಾಪಿಂಗ್ ಜಾಹೀರಾತುಗಳೆಂದು ಕರೆಯುತ್ತಾರೆ. ಹೊರನೋಟಕ್ಕೆ ಇವು ಉಳಿದ ಜಾಹೀರಾತುಗಳಂತೆಯೇ ಕಂಡರೂ ಇವುಗಳ ಹಿಂದಿನ ವ್ಯವಸ್ಥೆ ಬೇರೆ. ಸಾಮಾನ್ಯ ಪಠ್ಯ ಜಾಹೀರಾತಿನಲ್ಲಿ ಯಾವ ಪದವನ್ನು ಹುಡುಕಿದಾಗ ತನ್ನ ಜಾಹೀರಾತು ಕಾಣಬೇಕು ಎಂಬುದನ್ನು ಮಾರಾಟಗಾರನೇ ಆರಿಸಿ ಬರೆದುಕೊಡುತ್ತಾನೆ. ಶಾಪಿಂಗ್ ಜಾಹೀರಾತಿನಲ್ಲಿ ಅಂಥ ಪದಗಳ ಪಟ್ಟಿಯೇ ಇರುವುದಿಲ್ಲ. ಮಾರಾಟಗಾರ ಕೊಡುವುದು ತನ್ನ ಸರಕುಗಳ ಪಟ್ಟಿಯೊಂದನ್ನು ಮಾತ್ರ. ಅದನ್ನು ಓದಿಕೊಂಡು, ಯಾವ ಹುಡುಕಾಟಕ್ಕೆ ಯಾವ ಸರಕನ್ನು ತೋರಿಸಬೇಕೆಂದು ಗೂಗಲ್ ತಾನೇ ನಿರ್ಧರಿಸುತ್ತದೆ. ಈ ಪಟ್ಟಿಗೆ ಕಸುಬಿನವರಲ್ಲಿ ಫೀಡ್ ಎಂದು ಹೆಸರು. ಅದನ್ನು ಸಲ್ಲಿಸುವ, ಪರಿಶೀಲನೆಗೆ ಒಳಪಡಿಸುವ ಜಾಗವೇ ಮರ್ಚೆಂಟ್ ಸೆಂಟರ್.

ಈ ವ್ಯವಸ್ಥೆಯ ಬೇರು 2002ರ ಡಿಸೆಂಬರಿನಲ್ಲಿ ಅಮೆರಿಕದಲ್ಲಿ ಶುರುವಾದ ಫ್ರೂಗಲ್ ಎಂಬ ಸೇವೆಯಲ್ಲಿದೆ. ಆಗ ಅದು ಅಂತರ್ಜಾಲದ ಅಂಗಡಿಗಳ ಸರಕನ್ನು ಉಚಿತವಾಗಿ ಹುಡುಕಿಕೊಡುವ ಯಂತ್ರವಾಗಿತ್ತು. 2012ರಲ್ಲಿ ಅದನ್ನು ಹಣ ತೆತ್ತು ನಡೆಸುವ ಜಾಹೀರಾತಿನ ಪದ್ಧತಿಗೆ ಬದಲಿಸಲಾಯಿತು, 2020ರಲ್ಲಿ ಮತ್ತೆ ಉಚಿತ ಪ್ರದರ್ಶನಕ್ಕೂ ಒಂದಿಷ್ಟು ಜಾಗ ಬಿಡಲಾಯಿತು. ಹಣದ ನಿಯಮ ಹೀಗೆ ಹಲವು ಬಾರಿ ಬದಲಾದರೂ ಪಟ್ಟಿಯ ಸ್ವರೂಪ ಬಹಳ ಬದಲಾಗಲಿಲ್ಲ. ಮೆಟಾ ಮತ್ತು ಮೈಕ್ರೋಸಾಫ್ಟ್‌ನ ಜಾಹೀರಾತು ವ್ಯವಸ್ಥೆಗಳೂ ಇದನ್ನೇ ಹೋಲುವ ಅಂಕಣಗಳನ್ನು ಕೇಳುವುದರಿಂದ, ಒಂದೆಡೆ ಸರಿಯಾಗಿ ಕಟ್ಟಿದ ಪಟ್ಟಿ ಅಲ್ಪಸ್ವಲ್ಪ ತಿದ್ದುಪಡಿಯೊಂದಿಗೆ ಉಳಿದೆಡೆಯೂ ನಡೆಯುತ್ತದೆ.

ಫೀಡ್ ಎಂದರೆ ಸಾಲು ಮತ್ತು ಅಂಕಣಗಳ ಒಂದು ಕೋಷ್ಟಕ. ಒಂದು ಸರಕಿಗೆ ಒಂದು ಸಾಲು, ಆ ಸರಕಿನ ಒಂದೊಂದು ಗುಣಕ್ಕೆ ಒಂದೊಂದು ಅಂಕಣ. ಗೂಗಲ್ ಶೀಟ್ಸ್‌ನಲ್ಲಿ ಕೈಯಿಂದ ತುಂಬಿದ ಹಾಳೆಯೂ ಫೀಡ್ ಆಗಬಹುದು, ಅಂಗಡಿಯ ಜಾಲತಾಣವೇ ದಿನಕ್ಕೊಮ್ಮೆ ತಯಾರಿಸಿಡುವ ಎಕ್ಸ್‌ಎಂಎಲ್ ಕಡತವೂ ಆಗಬಹುದು. ಇದನ್ನು ಜಾಹೀರಾತಿನ ಬರವಣಿಗೆ ಎಂದು ತಿಳಿಯುವುದು ಈ ಕ್ಷೇತ್ರದ ಮೊದಲ ಮತ್ತು ಅತಿ ದುಬಾರಿಯ ತಪ್ಪು. ಫೀಡ್ ವಾಸ್ತವದಲ್ಲಿ ಒಂದು ಹೇಳಿಕೆ: ಇಂಥ ಸರಕು, ಇಂಥ ಬೆಲೆಗೆ, ಇಂಥ ಪುಟದಲ್ಲಿ, ಈಗ ಸಿಗುತ್ತದೆ ಎಂಬ ಹೇಳಿಕೆ. ಆ ಹೇಳಿಕೆಯನ್ನು ಗೂಗಲ್ ಹಾಗೆಯೇ ನಂಬುವುದಿಲ್ಲ. ತನ್ನ ಶೋಧಕ ತಂತ್ರಾಂಶವನ್ನು ಅಂಗಡಿಯ ಪುಟಕ್ಕೆ ಕಳಿಸಿ ಅಲ್ಲಿ ಏನಿದೆಯೆಂದು ನೋಡುತ್ತದೆ, ಚಿತ್ರವನ್ನು ಪರೀಕ್ಷಿಸುತ್ತದೆ, ಬಾರ್‌ಕೋಡಿನ ಸಂಖ್ಯೆಯನ್ನು ಲೆಕ್ಕ ಹಾಕಿ ನೋಡುತ್ತದೆ. ಪಟ್ಟಿ, ಪುಟ, ಚಿತ್ರ ಈ ಮೂರು ಸಾಕ್ಷಿಗಳ ಮಾತು ಒಂದಕ್ಕೊಂದು ತಾಳೆಯಾಗದಿದ್ದಾಗ ಸರಕು ತಿರಸ್ಕೃತವಾಗುತ್ತದೆ. ತಿರಸ್ಕಾರಗಳ ಹೆಸರು ಹತ್ತಾರು ಬಗೆಯಲ್ಲಿದ್ದರೂ ಬಹುಪಾಲಿನ ಮೂಲ ಈ ಸಾಕ್ಷಿಗಳ ಭಿನ್ನಾಭಿಪ್ರಾಯವೇ ಆಗಿರುತ್ತದೆ.

ಇದನ್ನು ವಿವರವಾಗಿ ನೋಡಲು ಬಾಗಲಕೋಟೆ ಜಿಲ್ಲೆಯ ಇಳಕಲ್ ಸೀರೆ ಒಳ್ಳೆಯ ಉದಾಹರಣೆ. ಕಾರ್ಖಾನೆಯಿಂದ ಬಂದ ಮೊಬೈಲ್ ಫೋನಿಗೆ ಬ್ರ್ಯಾಂಡು, ಮಾದರಿ ಸಂಖ್ಯೆ, ಬಾರ್‌ಕೋಡು ಎಲ್ಲವೂ ಸಿದ್ಧವಾಗಿರುತ್ತವೆ, ಹಾಗಾಗಿ ಅದರ ಸಾಲನ್ನು ತುಂಬುವುದು ನಕಲು ಮಾಡುವ ಕೆಲಸವಷ್ಟೇ. ಕೈಮಗ್ಗದ ಸೀರೆಗೆ ಇವು ಯಾವುವೂ ಇರುವುದಿಲ್ಲ, ಅಲ್ಲದೆ ಒಂದು ಸೀರೆಯಂತೆ ಇನ್ನೊಂದು ಇರುವುದೂ ಇಲ್ಲ. ಆದ್ದರಿಂದ ಫೀಡಿನ ಪ್ರತಿ ಅಂಕಣವೂ ಇಲ್ಲಿ ಒಂದು ನಿರ್ಧಾರವನ್ನು ಬೇಡುತ್ತದೆ. 240 ಇಳಕಲ್ ಸೀರೆಗಳನ್ನು ಸ್ವಂತ ಜಾಲತಾಣದಲ್ಲಿ ಮಾರುವ ಒಂದು ಕಲ್ಪಿತ ಅಂಗಡಿಯನ್ನು ಮುಂದಿಟ್ಟುಕೊಂಡರೆ, ಅದರ ಒಂದು ಸೀರೆಯ ಸಾಲು ಎಕ್ಸ್‌ಎಂಎಲ್ ರೂಪದಲ್ಲಿ ಸ್ಥೂಲವಾಗಿ ಹೀಗಿರುತ್ತದೆ:

```xml
<item>
  <g:id>ILK-0147-MRN</g:id>
  <g:title>Ilkal Handloom Cotton Silk Saree, Maroon, Tope Teni Pallu, Chikki Border</g:title>
  <g:link>https://www.example.com/ilk-0147?variant=mrn</g:link>
  <g:image_link>https://www.example.com/img/ilk-0147-mrn-a.jpg</g:image_link>
  <g:price>4250.00 INR</g:price>
  <g:availability>in_stock</g:availability>
  <g:google_product_category>8248</g:google_product_category>
  <g:identifier_exists>no</g:identifier_exists>
</item>
```

ಮೊದಲ ಅಂಕಣವಾದ `id` ಸರಕಿನ ಗುರುತಿನ ಸಂಖ್ಯೆ. 50 ಅಕ್ಷರಗಳೊಳಗೆ ಇರಬೇಕು, ಒಮ್ಮೆ ಕೊಟ್ಟ ಮೇಲೆ ಬದಲಾಗಬಾರದು. ಯಾವ ಸರಕನ್ನು ಎಷ್ಟು ಮಂದಿ ಒತ್ತಿದರು, ಎಷ್ಟು ಮಾರಾಟವಾಯಿತು ಎಂಬ ಇತಿಹಾಸವೆಲ್ಲ ಈ ಗುರುತಿಗೇ ಅಂಟಿಕೊಂಡಿರುತ್ತದೆ. ಒಂದೊಂದೇ ಪ್ರತಿ ಇರುವ ಸೀರೆಗಳನ್ನು ಮಾರುವವರು ಒಂದು ಸೀರೆ ಮಾರಿಹೋದ ಕೂಡಲೇ ಅದೇ ಸಾಲಿನಲ್ಲಿ ಅದೇ ಗುರುತಿಗೆ ಹೊಸ ಸೀರೆಯನ್ನು ಕೂರಿಸುವುದುಂಟು. ಹೀಗೆ ಮಾಡಿದರೆ ಹಳೆಯ ಸೀರೆಯ ಇತಿಹಾಸ ಹೊಸದರ ತಲೆಗೆ ಬೀಳುತ್ತದೆ, ಮತ್ತು ಕೆಲವು ಕಾಲ ಹಳೆಯ ಚಿತ್ರವೂ ಹೊಸ ಶೀರ್ಷಿಕೆಯೂ ಜೊತೆಯಾಗಿ ಕಾಣುವ ಅಪಾಯವಿರುತ್ತದೆ. ಹೊಸ ಸೀರೆಗೆ ಹೊಸ ಗುರುತನ್ನೇ ಕೊಡಬೇಕು. ಒಂದೇ ವಿನ್ಯಾಸ ನಾಲ್ಕು ಬಣ್ಣಗಳಲ್ಲಿ ನೇಯ್ದಿದ್ದರೆ ನಾಲ್ಕಕ್ಕೂ ಬೇರೆ ಬೇರೆ `id` ಇದ್ದು, ಅವೆಲ್ಲ ಒಂದೇ ಕುಟುಂಬದವು ಎಂದು ಸೂಚಿಸುವ `item_group_id` ಎಂಬ ಸಮೂಹದ ಗುರುತು ಸಮಾನವಾಗಿರಬೇಕು.

ಶೀರ್ಷಿಕೆಯ ವಿಷಯಕ್ಕೆ ಹೆಚ್ಚು ಜಾಗ ಕೊಡುವುದು ನ್ಯಾಯ, ಏಕೆಂದರೆ ಹುಡುಕಾಟದ ಪದಗಳನ್ನು ಆರಿಸುವ ಅವಕಾಶವೇ ಇಲ್ಲದ ಈ ವ್ಯವಸ್ಥೆಯಲ್ಲಿ ಆ ಪದಗಳ ಕೆಲಸವನ್ನು ಬಹುಮಟ್ಟಿಗೆ ಶೀರ್ಷಿಕೆಯೇ ಮಾಡುತ್ತದೆ. ಅದಕ್ಕೆ ನಿಗದಿಯಾದ ಮಿತಿ 150 ಅಕ್ಷರಗಳು, ಆದರೆ ಪರದೆಯ ಮೇಲೆ ಬಹುತೇಕ ಸಂದರ್ಭಗಳಲ್ಲಿ ಮೊದಲ 70 ಅಕ್ಷರಗಳಷ್ಟೇ, ಮೊಬೈಲಿನಲ್ಲಿ ಅದಕ್ಕಿಂತಲೂ ಕಡಿಮೆ ಕಾಣುತ್ತವೆ. ಉಳಿದವು ಯಂತ್ರದ ಓದಿಗೆ ಸಿಕ್ಕರೂ ಕೊಳ್ಳುವವರ ಕಣ್ಣಿಗೆ ಬೀಳುವುದಿಲ್ಲ. ಆದ್ದರಿಂದ ಶೀರ್ಷಿಕೆಯಲ್ಲಿ ಏನಿರಬೇಕು ಎಂಬ ಪ್ರಶ್ನೆಗಿಂತ ಯಾವುದು ಮೊದಲು ಬರಬೇಕು ಎಂಬ ಪ್ರಶ್ನೆಯೇ ದೊಡ್ಡದು.

ಅನೇಕ ಅಂಗಡಿಗಳಲ್ಲಿ ಕಾಣುವ ಶೀರ್ಷಿಕೆಯ ಮಾದರಿ `NEW ARRIVAL!! Beautiful Traditional Saree - Free Shipping` ಎಂಬಂತಿರುತ್ತದೆ. ಇದರಲ್ಲಿ ಸರಕಿನ ಬಗ್ಗೆ ಏನಾದರೂ ಹೇಳುವ ಪದ ಸೀರೆ ಎಂಬುದೊಂದೇ. ಉಳಿದದ್ದರಲ್ಲಿ ಸಾಗಣೆ ಉಚಿತ ಎಂಬುದು ಪ್ರಚಾರದ ಮಾತಾದ್ದರಿಂದ ನಿಷಿದ್ಧ, ಎಲ್ಲವನ್ನೂ ದೊಡ್ಡಕ್ಷರದಲ್ಲಿ ಬರೆಯುವುದೂ ಉದ್ಗಾರ ಚಿಹ್ನೆಗಳ ಸಾಲೂ ನಿಯಮಕ್ಕೆ ವಿರುದ್ಧ, ಸುಂದರ ಮತ್ತು ಸಾಂಪ್ರದಾಯಿಕ ಎಂಬ ವಿಶೇಷಣಗಳು ಯಾವ ಸೀರೆಗಾದರೂ ಸಲ್ಲುವಂಥವು. ಮೇಲಿನ ಉದಾಹರಣೆಯ ಶೀರ್ಷಿಕೆಯಲ್ಲಿ 72 ಅಕ್ಷರಗಳಿವೆ. ಅದರ ಮೊದಲ 40 ಅಕ್ಷರಗಳೊಳಗೆ ಊರಿನ ಹೆಸರು, ಕೈಮಗ್ಗದ್ದೆಂಬ ಮಾತು, ನೂಲು, ಸರಕಿನ ಜಾತಿ ಮತ್ತು ಬಣ್ಣ ಬಂದುಬಿಡುತ್ತವೆ. ಮೊಬೈಲಿನಲ್ಲಿ ಬಾಲ ಕತ್ತರಿಸಿಹೋದರೂ ತಲೆ ಉಳಿಯುತ್ತದೆ. ಅದರ ನಂತರವೇ ಬಲ್ಲವರು ಮಾತ್ರ ಹುಡುಕುವ ಟೋಪ್ ತೆನಿ ಸೆರಗು, ಚಿಕ್ಕಿ ಅಂಚು ಎಂಬ ವಿವರಗಳು ಬರುತ್ತವೆ. ಟೋಪ್ ತೆನಿ ಎಂದರೆ ಸೀರೆಯ ಒಡಲಿನ ಹಾಸು ನೂಲಿಗೂ ಸೆರಗಿನ ಹಾಸು ನೂಲಿಗೂ ಕುಣಿಕೆ ಹಾಕಿ ಜೋಡಿಸಿ ನೇಯುವ, ಇಳಕಲ್ಲಿನ ಗುರುತೇ ಆದ ವಿಧಾನ. ಈ ಪದವನ್ನು ಹುಡುಕುವವರ ಸಂಖ್ಯೆ ಚಿಕ್ಕದು, ಆದರೆ ಅವರಿಗೆ ಬೇಕಾದುದೇನೆಂದು ಅವರಿಗೆ ಖಚಿತವಾಗಿ ಗೊತ್ತಿರುತ್ತದೆ. ವಿವರವಾದ ಶೀರ್ಷಿಕೆಯ ನಿಜವಾದ ಲಾಭ ಇಂಥ ಹುಡುಕಾಟಗಳಲ್ಲಿದೆ.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಇಳಕಲ್ ಸೀರೆ ಭೌಗೋಳಿಕ ಸೂಚಿಯ ನೋಂದಣಿ ಪಡೆದ ಸರಕು, ಅಂದರೆ ಆ ಹೆಸರನ್ನು ಆ ಪ್ರದೇಶದ ಆ ಬಗೆಯ ನೇಯ್ಗೆಗೆ ಮಾತ್ರ ಬಳಸಬಹುದೆಂಬ ಕಾನೂನಿನ ರಕ್ಷಣೆ ಅದಕ್ಕಿದೆ. ಬೇರೆಡೆಯ ವಿದ್ಯುತ್ ಮಗ್ಗದ ಬಟ್ಟೆಗೆ, ಹುಡುಕುವವರು ಹೆಚ್ಚೆಂಬ ಕಾರಣಕ್ಕೆ, ಆ ಹೆಸರು ಹಚ್ಚುವುದು ಫೀಡಿನ ಚತುರತೆಯಲ್ಲ, ಸುಳ್ಳು ಹೇಳಿಕೆ. ರೇಷ್ಮೆಯ ವಿಷಯದಲ್ಲೂ ಹೀಗೆಯೇ. ಇಳಕಲ್ ಸೀರೆಯಲ್ಲಿ ಶುದ್ಧ ರೇಷ್ಮೆಯನ್ನೂ ಬಳಸುತ್ತಾರೆ, ಕೃತಕ ರೇಷ್ಮೆಯನ್ನೂ ಬಳಸುತ್ತಾರೆ; ಯಾವುದೋ ಅದನ್ನೇ ಶೀರ್ಷಿಕೆಯಲ್ಲೂ `material` ಎಂಬ ಅಂಕಣದಲ್ಲೂ ಬರೆಯಬೇಕು. ಎರಡು ನೂಲು ಬೆರೆತಿದ್ದರೆ ಪ್ರಧಾನವಾದುದನ್ನು ಮೊದಲಿಟ್ಟು, ನಡುವೆ ಓರೆಗೆರೆ ಹಾಕಿ `cotton/silk` ಎಂದು ಬರೆಯುವುದು ಕ್ರಮ. ಶೀರ್ಷಿಕೆಯ ಭಾಷೆಯೂ ಅದು ತೋರಿಸುವ ಪುಟದ ಭಾಷೆಯೂ ಒಂದೇ ಆಗಿರಬೇಕೆಂಬ ನಿಯಮವೂ ಇದೆ. ಪುಟ ಇಂಗ್ಲಿಷಿನಲ್ಲಿದ್ದು ಶೀರ್ಷಿಕೆ ಮಾತ್ರ ಕನ್ನಡದಲ್ಲಿದ್ದರೆ ಅದು ನಡೆಯುವುದಿಲ್ಲ.

ವರ್ಗೀಕರಣದಲ್ಲಿ ಎರಡು ಅಂಕಣಗಳಿವೆ, ಇವೆರಡನ್ನೂ ಒಂದೇ ಎಂದು ಭಾವಿಸುವುದರಿಂದ ಗೊಂದಲ ಹುಟ್ಟುತ್ತದೆ. `google_product_category` ಎಂಬುದು ಗೂಗಲ್ ತಾನೇ ಸಿದ್ಧಪಡಿಸಿದ, ಐದು ಸಾವಿರಕ್ಕೂ ಹೆಚ್ಚು ಕವಲುಗಳಿರುವ ವರ್ಗವೃಕ್ಷದಲ್ಲಿ ಸರಕಿನ ಸ್ಥಾನ. ಅಲ್ಲಿ ಹೊಸ ವರ್ಗವನ್ನು ಯಾರೂ ಸೇರಿಸಲಾರರು. `product_type` ಎಂಬುದು ಅಂಗಡಿ ತನ್ನ ಅನುಕೂಲಕ್ಕೆ ತಾನೇ ಮಾಡಿಕೊಂಡ ವಿಂಗಡಣೆ. ಸೀರೆಗೆ ಗೂಗಲ್‌ನ ವೃಕ್ಷದಲ್ಲಿ ಉಡುಪು, ಬಟ್ಟೆ, ಸಾಂಪ್ರದಾಯಿಕ ಉಡುಪು ಎಂಬ ಕೊಂಬೆಗಳ ತುದಿಯಲ್ಲಿ `Saris & Lehengas` ಎಂಬ ಪ್ರತ್ಯೇಕ ಎಲೆಯೇ ಇದೆ, ಅದರ ಸಂಖ್ಯೆ 8248. ಪೂರ್ಣ ಹಾದಿಯನ್ನು ಬರೆಯುವ ಬದಲು ಈ ಸಂಖ್ಯೆಯನ್ನು ಕೊಟ್ಟರೆ ಸಾಕು, ಮತ್ತು ಅದೇ ಕ್ಷೇಮ; ಏಕೆಂದರೆ ಎಕ್ಸ್‌ಎಂಎಲ್ ಕಡತದಲ್ಲಿ `&` ಚಿಹ್ನೆಯನ್ನು `&amp;` ಎಂದು ಬರೆಯದೆ ಹಾಗೆಯೇ ಬಿಟ್ಟರೆ ಒಂದು ಸೀರೆಯಲ್ಲ, ಇಡೀ ಕಡತವೇ ಓದಲಾಗದಂತಾಗುತ್ತದೆ.

ಈಚಿನ ವರ್ಷಗಳಲ್ಲಿ ಈ ವರ್ಗವನ್ನು ಗೂಗಲ್ ತಾನಾಗಿ ಊಹಿಸಿ ತುಂಬುತ್ತದೆ, ಆದ್ದರಿಂದ ಬಹಳಷ್ಟು ಸರಕುಗಳಿಗೆ ಇದನ್ನು ಕೊಡುವುದು ಕಡ್ಡಾಯವಲ್ಲ. ಆದರೂ ಸೀರೆಯಂಥ ಸರಕಿನಲ್ಲಿ ಊಹೆ ತಪ್ಪುವ ಸಾಧ್ಯತೆ ಇದೆ. ಹೊಲಿಯದ ಐದೂವರೆ ಮೀಟರ್ ಬಟ್ಟೆ, ಜೊತೆಗೆ ರವಿಕೆ ಕಣ ಎಂಬ ವಿವರಣೆಯನ್ನು ಓದಿದ ಯಂತ್ರ ಅದನ್ನು ಉಡುಪೆಂದು ತಿಳಿಯದೆ, ಕರಕುಶಲ ಸಾಮಗ್ರಿಗಳ ಕವಲಿನಲ್ಲಿರುವ ಬಟ್ಟೆಯ ತಾನಿನ ವರ್ಗಕ್ಕೆ ಸೇರಿಸಬಹುದು. ಹಾಗಾದರೆ ಸರಕು ತಿರಸ್ಕೃತವಾಗುವುದಿಲ್ಲ, ತಪ್ಪು ಜಾಗದಲ್ಲಿ ಸದ್ದಿಲ್ಲದೆ ಕೂರುತ್ತದೆ. ತಿರಸ್ಕಾರಕ್ಕಿಂತ ಇದು ಕೆಟ್ಟದ್ದು, ಏಕೆಂದರೆ ಇದರ ಬಗ್ಗೆ ಯಾವ ಎಚ್ಚರಿಕೆಯೂ ಬರುವುದಿಲ್ಲ. ಉಡುಪಿನ ವರ್ಗಕ್ಕೆ ಸೇರಿದ ಸರಕಿಗೆ ಹೊಣೆಗಳೂ ಹೆಚ್ಚು. ಉಡುಪಿನ ಚಿತ್ರದ ಕನಿಷ್ಠ ಅಳತೆ 250 ಬಿಂದುಗಳ ಚೌಕ, ಉಳಿದ ಸರಕಿಗಾದರೆ 100 ಸಾಕು. ಅಮೆರಿಕ, ಬ್ರಿಟನ್, ಜರ್ಮನಿ, ಫ್ರಾನ್ಸ್, ಜಪಾನ್ ಮತ್ತು ಬ್ರೆಜಿಲ್ ದೇಶಗಳಲ್ಲಿ ಜಾಹೀರಾತು ನೀಡುವುದಾದರೆ ಬಣ್ಣ, ಲಿಂಗ, ವಯೋವರ್ಗ ಮತ್ತು ಅಳತೆಯನ್ನೂ ಹೇಳಲೇಬೇಕು. ಊರಿನಲ್ಲಿ ಸರಿಯಾಗಿ ನಡೆಯುತ್ತಿದ್ದ ಫೀಡನ್ನು ಹೊರದೇಶದ ಕನ್ನಡಿಗರಿಗೆ ಮಾರಲೆಂದು ಅಮೆರಿಕಕ್ಕೂ ವಿಸ್ತರಿಸಿದ ದಿನವೇ ಸೀರೆಗಳು ಒಟ್ಟಾಗಿ ತಿರಸ್ಕೃತವಾದರೆ ಮೊದಲು ನೋಡಬೇಕಾದದ್ದು ಈ ನಾಲ್ಕು ಅಂಕಣಗಳನ್ನು.

ಅಂಗಡಿಯ ಸ್ವಂತ ವಿಂಗಡಣೆಯಾದ `product_type` ಹುಡುಕಾಟಕ್ಕಿಂತ ಹೆಚ್ಚಾಗಿ ಖರ್ಚಿನ ಹಿಡಿತಕ್ಕೆ ಬೇಕಾಗುತ್ತದೆ. `Sarees > Ilkal > Cotton Silk > Chikki Border` ಎಂದು ದೊಡ್ಡದರಿಂದ ಚಿಕ್ಕದಕ್ಕೆ ಇಳಿಸಿ ಬರೆದರೆ ಯಾವ ಅಂಚಿನ, ಯಾವ ನೂಲಿನ ಸೀರೆಗೆ ಎಷ್ಟು ಹಣ ಹಾಕಬೇಕೆಂದು ಬೇರೆ ಬೇರೆಯಾಗಿ ನಿರ್ಧರಿಸಬಹುದು. ಇದಕ್ಕೆ ಒಂದಕ್ಕಿಂತ ಹೆಚ್ಚು ಮೌಲ್ಯ ಕೊಡಲು ಅವಕಾಶವಿದ್ದರೂ ಜಾಹೀರಾತಿನ ವಿಂಗಡಣೆಗೂ ವರದಿಗೂ ಮೊದಲನೆಯದನ್ನು ಮಾತ್ರ ಬಳಸಲಾಗುತ್ತದೆ. ಲಾಭದ ಪ್ರಮಾಣ, ಹಬ್ಬದ ಸರಕು, ಹಳೆಯ ದಾಸ್ತಾನು ಮುಂತಾದ ಒಳಗುಟ್ಟುಗಳನ್ನು `custom_label_0` ರಿಂದ `custom_label_4` ವರೆಗಿನ ಐದು ಚೀಟಿಗಳಲ್ಲಿ ಬರೆದಿಡಬಹುದು. ಅವು ಕೊಳ್ಳುವವರಿಗೆ ಕಾಣುವುದಿಲ್ಲ.

ಗುರುತಿನ ಅಂಕಣಗಳಲ್ಲಿ `gtin` ಎಂದರೆ ಬಾರ್‌ಕೋಡಿನ ಕೆಳಗೆ ಅಚ್ಚಾಗಿರುವ ಸಂಖ್ಯೆ. ಇದನ್ನು ವಿಶ್ವದಾದ್ಯಂತ ಹಂಚುವ ಸಂಸ್ಥೆ ಜಿಎಸ್1; ಅದರ ಭಾರತದ ಶಾಖೆಯ ಮೂಲಕ ಪಡೆದ ಸಂಖ್ಯೆಗಳು 890 ರಿಂದ ಆರಂಭವಾಗುತ್ತವೆ. ಕೈಮಗ್ಗದ ಸೀರೆಗೆ ಸಾಮಾನ್ಯವಾಗಿ ಇದು ಇರುವುದಿಲ್ಲ. ಖಾಲಿ ಬಿಟ್ಟರೆ ತಪ್ಪಾದೀತೆಂದು ದಾಸ್ತಾನು ಪುಸ್ತಕದ ಸಂಖ್ಯೆಗೆ ಸೊನ್ನೆ ಸೇರಿಸಿ 13 ಅಂಕಿ ಮಾಡಿ ತುಂಬುವವರಿದ್ದಾರೆ. ಆದರೆ ಈ ಸಂಖ್ಯೆಯ ಕೊನೆಯ ಅಂಕಿ ಉಳಿದ ಹನ್ನೆರಡರಿಂದ ಹುಟ್ಟಿದ ತಾಳೆಯ ಅಂಕಿ. ಎಡದಿಂದ ಒಂದು ಬಿಟ್ಟು ಒಂದನ್ನು ಹಾಗೆಯೇ, ನಡುವಿನವನ್ನು ಮೂರು ಪಟ್ಟು ಮಾಡಿ ಕೂಡಿದಾಗ ಬರುವ ಮೊತ್ತವನ್ನು ಮುಂದಿನ ಹತ್ತರ ಗುಣಕಕ್ಕೆ ಮುಟ್ಟಿಸಲು ಎಷ್ಟು ಬೇಕೋ ಅದೇ ಕೊನೆಯ ಅಂಕಿ. 890123456789 ಎಂಬ ಹನ್ನೆರಡು ಅಂಕಿಗಳಲ್ಲಿ ಮೊದಲ ಗುಂಪಿನ ಮೊತ್ತ 28, ಎರಡನೆಯದು 34ರ ಮೂರು ಪಟ್ಟು 102, ಒಟ್ಟು 130. ಅದು ಹತ್ತರ ಗುಣಕವೇ ಆದ್ದರಿಂದ ಹದಿಮೂರನೆಯ ಅಂಕಿ 0. ಕಲ್ಪಿಸಿ ಬರೆದ ಸಂಖ್ಯೆಗಳಲ್ಲಿ ಹತ್ತಕ್ಕೆ ಒಂಬತ್ತು ಈ ಲೆಕ್ಕದಲ್ಲೇ ಸಿಕ್ಕಿಬೀಳುತ್ತವೆ. ತಪ್ಪಿಸಿಕೊಂಡ ಹತ್ತನೆಯದು ಇನ್ನೂ ಅಪಾಯಕಾರಿ, ಏಕೆಂದರೆ ಅದು ಯಾವುದೋ ಬಿಸ್ಕತ್ತಿನದೋ ಸಾಬೂನಿನದೋ ನಿಜವಾದ ಸಂಖ್ಯೆಯಾಗಿರಬಹುದು. ಬಾರ್‌ಕೋಡು ಇಲ್ಲದ ಸರಕಿಗೆ ಇಲ್ಲವೆಂದೇ ಹೇಳುವ ದಾರಿ `identifier_exists` ಅಂಕಣದಲ್ಲಿ `no` ಎಂದು ಬರೆಯುವುದು. ಬ್ರ್ಯಾಂಡಿನ ಜಾಗದಲ್ಲಿ ಇಳಕಲ್ ಎಂದು ಬರೆಯುವುದೂ ತಪ್ಪೇ. ಅದು ಊರಿನ ಹೆಸರು, ತಯಾರಕರ ಮುದ್ರೆಯಲ್ಲ.

ಇನ್ನು ತಿರಸ್ಕೃತವಾದ ಸರಕುಗಳ ವಿಷಯ. ಮರ್ಚೆಂಟ್ ಸೆಂಟರಿನಲ್ಲಿ `Needs attention` ಎಂಬ ಪುಟದಲ್ಲಿ ದೋಷಗಳ ಪಟ್ಟಿ ಇರುತ್ತದೆ. ಅದನ್ನು ತೆರೆದವರು ಮೊದಲು ಮಾಡಬೇಕಾದದ್ದು ದೋಷ ಯಾವ ಮಟ್ಟದ್ದು ಎಂದು ಬೇರ್ಪಡಿಸುವುದು. ಕೆಲವು ದೋಷಗಳು ಇಡೀ ಖಾತೆಯದು: ಅಂಗಡಿಯ ಸಂಪರ್ಕ ವಿವರವಿಲ್ಲ, ಸರಕು ಹಿಂದಿರುಗಿಸುವ ನಿಯಮ ಸ್ಪಷ್ಟವಾಗಿಲ್ಲ, ಅಂಗಡಿ ತನ್ನ ಬಗ್ಗೆ ತಪ್ಪು ಚಿತ್ರ ಕೊಡುತ್ತಿದೆ ಎಂಬಂಥವು. ಇವು ಇದ್ದಾಗ ಒಂದೊಂದು ಸೀರೆಯ ಸಾಲನ್ನು ತಿದ್ದುತ್ತ ಕೂರುವುದು ವ್ಯರ್ಥ. ಕೆಲವು ದೋಷಗಳು ಕಡತದವು, ಉಳಿದವು ಸರಕಿನವು. ಸರಕಿನ ಮಟ್ಟದಲ್ಲೂ `Not approved` ಎಂದರೆ ಜಾಹೀರಾತು ನಿಂತಿದೆ ಎಂದು, `Limited` ಎಂದರೆ ನಡೆಯುತ್ತಿದ್ದರೂ ಎಲ್ಲ ಕಡೆ ತೋರುತ್ತಿಲ್ಲ ಎಂದು ಅರ್ಥ. ಮೊದಲನೆಯದನ್ನು ಮುಗಿಸದೆ ಎರಡನೆಯದಕ್ಕೆ ಕೈಹಾಕಬೇಕಾಗಿಲ್ಲ.

ಅತಿ ಸಾಮಾನ್ಯವಾದ ದೋಷ ಬೆಲೆ ತಾಳೆಯಾಗದಿರುವುದು. ಫೀಡಿನಲ್ಲಿ ಒಂದು ಬೆಲೆ, ಪುಟದಲ್ಲಿ ಇನ್ನೊಂದು. ಮೇಲಿನ ಸೀರೆಯ ಉದಾಹರಣೆಯನ್ನೇ ಮುಂದುವರಿಸಿದರೆ, 2025ರ ಅಕ್ಟೋಬರ್ 17ರ ಶುಕ್ರವಾರ ನಡುರಾತ್ರಿ ದೀಪಾವಳಿಯ ರಿಯಾಯಿತಿ ಆರಂಭವಾಗಿ ಪುಟದಲ್ಲಿ 4,250 ರೂಪಾಯಿಯ ಬೆಲೆ ಶೇ. 10ರಷ್ಟು ಇಳಿದು 3,825 ಆಗುತ್ತದೆ ಎಂದಿಟ್ಟುಕೊಳ್ಳಬಹುದು. ಗೂಗಲ್ ಫೀಡನ್ನು ತೆಗೆದುಕೊಳ್ಳುವ ನಿಗದಿತ ಸಮಯ ಬೆಳಿಗ್ಗೆ ಆರು ಗಂಟೆ. ನಡುವಿನ ಆರು ಗಂಟೆಗಳಲ್ಲಿ ಶೋಧಕ ತಂತ್ರಾಂಶ ಎಷ್ಟು ಪುಟಗಳಿಗೆ ಬಂದುಹೋಗುತ್ತದೋ ಅಷ್ಟು ಸೀರೆಗಳ ಬೆಲೆ ತಾಳೆ ತಪ್ಪುತ್ತದೆ, ಮತ್ತು ರಿಯಾಯಿತಿ ಮುಗಿದ ರಾತ್ರಿ ಇದೇ ಕಥೆ ತಿರುಗುಮುರುಗಾಗಿ ನಡೆಯುತ್ತದೆ. ಪುಟದ ಬೆಲೆಯನ್ನು ನೋಡಿ ತಾನೇ ತಿದ್ದಿಕೊಳ್ಳುವ ಸೌಲಭ್ಯವೊಂದು ಗೂಗಲ್‌ನಲ್ಲಿದೆಯಾದರೂ ಅದು ಅಲ್ಲೊಂದು ಇಲ್ಲೊಂದು ವ್ಯತ್ಯಾಸಕ್ಕೆಂದು ಇರುವುದು. ದಾಸ್ತಾನಿನ ಬಹುಪಾಲು ಒಮ್ಮೆಲೇ ತಪ್ಪಿದಾಗ ಅದರ ಮೇಲೆ ಭಾರ ಹಾಕಲಾಗದು. ಸರಿಯಾದ ಪರಿಹಾರವೆಂದರೆ ಮೂಲ ಬೆಲೆಯನ್ನು ಮುಟ್ಟದೆ, ರಿಯಾಯಿತಿಯ ಬೆಲೆಯನ್ನೂ ಅದರ ಅವಧಿಯನ್ನೂ ದಿನಗಳ ಮೊದಲೇ ಸಲ್ಲಿಸಿಡುವುದು:

```
price: 4250.00 INR
sale_price: 3825.00 INR
sale_price_effective_date: 2025-10-17T00:00+0530/2025-10-22T23:59+0530
```

ಇಲ್ಲಿ `+0530` ಎಂಬುದು ಭಾರತೀಯ ಕಾಲಮಾನದ ಸೂಚನೆ. ಅದನ್ನು ಬರೆದರೆ ನಡುರಾತ್ರಿ ಎಂದರೆ ಯಾವ ಊರಿನ ನಡುರಾತ್ರಿ ಎಂಬ ಅನುಮಾನ ಉಳಿಯುವುದಿಲ್ಲ. ಮೂಲ ಬೆಲೆಯನ್ನು ಉಬ್ಬಿಸಿ ಬರೆದು ರಿಯಾಯಿತಿ ದೊಡ್ಡದೆಂದು ತೋರಿಸುವ ಆಸೆಗೂ ಒಂದು ಕಡಿವಾಣವಿದೆ: ಆ ಮೂಲ ಬೆಲೆಯಲ್ಲಿ ಸರಕನ್ನು ಕಳೆದ 200 ದಿನಗಳಲ್ಲಿ ಕನಿಷ್ಠ 30 ದಿನ ಮಾರಿರದಿದ್ದರೆ, ಜಾಹೀರಾತಿನಲ್ಲಿ ಹಳೆಯ ಬೆಲೆಯನ್ನು ಹೊಡೆದುಹಾಕಿ ಹೊಸದನ್ನು ತೋರಿಸುವ ಗುರುತು ಕಾಣಿಸುವುದಿಲ್ಲ.

ರಿಯಾಯಿತಿಯೇ ಇಲ್ಲದ ದಿನಗಳಲ್ಲೂ ಬೆಲೆ ತಾಳೆ ತಪ್ಪುತ್ತಿದ್ದರೆ ಕಾರಣವನ್ನು ಪುಟದಲ್ಲಿ ಹುಡುಕಬೇಕು. ನೋಡುವವರ ದೇಶವನ್ನು ಗುರುತಿಸಿ ನಾಣ್ಯವನ್ನು ಬದಲಿಸುವ ಜಾಲತಾಣಗಳಲ್ಲಿ ಇದು ವಿಚಿತ್ರವಾಗಿ ಎದುರಾಗುತ್ತದೆ. ಗೂಗಲ್‌ನ ಶೋಧಕ ತಂತ್ರಾಂಶ ಬಹುತೇಕ ಅಮೆರಿಕದಿಂದಲೇ ಬರುವುದರಿಂದ ಅಂಥ ತಾಣ ಅದಕ್ಕೆ ಡಾಲರಿನ ಬೆಲೆಯನ್ನು ತೋರಿಸುತ್ತದೆ. ಬೆಂಗಳೂರಿನಲ್ಲಿ ಕುಳಿತ ಅಂಗಡಿಯವರಿಗೆ ಪುಟದಲ್ಲಿ ರೂಪಾಯಿಯೇ ಕಾಣುತ್ತದೆ, ಎಷ್ಟು ಸಲ ತೆರೆದು ನೋಡಿದರೂ ತಪ್ಪೇನೆಂದು ತಿಳಿಯುವುದಿಲ್ಲ. ಫೀಡಿನಲ್ಲಿ ಕೊಟ್ಟ ವಿಳಾಸ ಯಾರು ಎಲ್ಲಿಂದ ತೆರೆದರೂ ಒಂದೇ ನಾಣ್ಯದಲ್ಲಿ ಬೆಲೆ ತೋರಿಸುವಂತೆ ಮಾಡುವುದೇ ಇದಕ್ಕೆ ಮದ್ದು. ಬಣ್ಣ ಬದಲಾದಂತೆ ಬೆಲೆಯೂ ಬದಲಾಗುವ ಪುಟದಲ್ಲಿ ಇನ್ನೊಂದು ತೊಂದರೆ: ವಿಳಾಸದಲ್ಲಿ ಬಣ್ಣದ ಸೂಚನೆ ಇಲ್ಲದಿದ್ದರೆ ಪುಟ ಮೊದಲ ಬಣ್ಣದ ಬೆಲೆಯನ್ನೇ ತೋರಿಸುತ್ತದೆ. ಉದಾಹರಣೆಯ ವಿಳಾಸದ ಕೊನೆಯಲ್ಲಿ `?variant=mrn` ಇರುವುದು ಇದಕ್ಕಾಗಿಯೇ. ಮೂರನೆಯ ಕಾರಣ ಕಣ್ಣಿಗೆ ಕಾಣದ್ದು. ಯಂತ್ರಗಳು ಓದಲೆಂದು ಪುಟದ ಒಳಗೆ ಅಡಗಿಸಿಟ್ಟ ಸರಕಿನ ವಿವರಕ್ಕೆ ಸ್ಟ್ರಕ್ಚರ್ಡ್ ಡೇಟಾ ಎನ್ನುತ್ತಾರೆ. ತಾಣದ ವಿನ್ಯಾಸ ಒಂದು ಬೆಲೆಯನ್ನೂ, ಮೇಲೆ ಸೇರಿಸಿದ ಯಾವುದೋ ಹೆಚ್ಚುವರಿ ತಂತ್ರಾಂಶ ಮತ್ತೊಂದನ್ನೂ ಅಲ್ಲಿ ಬರೆದಿದ್ದರೆ ಪುಟವೇ ತನ್ನೊಳಗೆ ಎರಡು ಮಾತಾಡಿದಂತೆ. ಪುಟದ ಮೂಲಸಂಕೇತವನ್ನು ತೆರೆದು `"price"` ಎಂದು ಹುಡುಕಿದರೆ, ಆ ಪದ ಎಷ್ಟು ಕಡೆ ಸಿಗುತ್ತದೆ, ಪ್ರತಿ ಕಡೆ ಎಷ್ಟು ಬೆಲೆ ಇದೆ ಎಂಬುದರಿಂದ ಇದು ಐದು ನಿಮಿಷದಲ್ಲಿ ಬಯಲಾಗುತ್ತದೆ.

ದಾಸ್ತಾನಿನ ತಾಳೆ ತಪ್ಪುವುದು ಒಂದೊಂದೇ ಸೀರೆ ಇರುವ ಅಂಗಡಿಗಳ ವಿಶೇಷ ಕಾಯಿಲೆ. ಅಂಗಡಿಗೆ ಬಂದ ಗಿರಾಕಿ ಕೊಂಡೊಯ್ದ ಸೀರೆ ಜಾಲತಾಣದಲ್ಲಿ ಇನ್ನೂ ಇದೆಯೆಂದೇ ಇರುತ್ತದೆ. ಹಾಗಾದಾಗ ಪುಟ ಮತ್ತು ಪಟ್ಟಿ ಎರಡೂ ಸೇರಿ ಒಂದೇ ಸುಳ್ಳು ಹೇಳುವುದರಿಂದ ಯಂತ್ರಕ್ಕೆ ಗೊತ್ತಾಗುವುದಿಲ್ಲ, ಹಣ ಕಟ್ಟಿದ ಗಿರಾಕಿಗೆ ಗೊತ್ತಾಗುತ್ತದೆ. ಇದನ್ನು ಫೀಡಿನಲ್ಲಿ ಸರಿಪಡಿಸಲಾಗದು; ಅಂಗಡಿಯ ಬಿಲ್ಲು ಪುಸ್ತಕವನ್ನೂ ತಾಣದ ದಾಸ್ತಾನನ್ನೂ ಒಂದೇ ಲೆಕ್ಕಕ್ಕೆ ತರಬೇಕು.

ಚಿತ್ರದ ತಿರಸ್ಕಾರದಲ್ಲಿ ಮೊದಲ ಸ್ಥಾನ ಚಿತ್ರದ ಮೇಲೆ ಬರೆದ ಬರಹಕ್ಕೆ. ವಾಟ್ಸ್‌ಆ್ಯಪ್‌ನಲ್ಲಿ ಗಿರಾಕಿಗಳಿಗೆ ಕಳಿಸಲೆಂದು ಅಂಗಡಿಯ ಹೆಸರು, ಫೋನ್ ಸಂಖ್ಯೆ, ನೂರಕ್ಕೆ ನೂರು ಶುದ್ಧ ಎಂಬ ಮುದ್ರೆ ಹಾಕಿ ಸಿದ್ಧಪಡಿಸಿದ ಚಿತ್ರಗಳೇ ಹೆಚ್ಚಾಗಿ ಫೀಡಿಗೂ ಹೋಗುತ್ತವೆ, ಅವೆಲ್ಲ ನಿಯಮಬಾಹಿರ. ಹೀಗಾಗಿ ಬರಹವಿಲ್ಲದ ಮೂಲಚಿತ್ರವನ್ನು ಬೇರೆಯಾಗಿ ಕಾಪಾಡಿಟ್ಟುಕೊಂಡ ಅಂಗಡಿಗೆ ತಿದ್ದುವ ಕೆಲಸ ಒಂದು ಮಧ್ಯಾಹ್ನದ್ದು, ಇಟ್ಟುಕೊಳ್ಳದಿದ್ದರೆ 240 ಸೀರೆಗಳನ್ನು ಮತ್ತೆ ಬಿಚ್ಚಿ ಚಿತ್ರ ತೆಗೆಯಬೇಕು. ಸ್ವಚ್ಛ ಚಿತ್ರವನ್ನು ಹಳೆಯ ಕಡತದ ಹೆಸರಿನಲ್ಲೇ ಏರಿಸಿದರೆ ಅದನ್ನು ಮತ್ತೆ ನೋಡಲು ಗೂಗಲ್ ತಡಮಾಡಬಹುದು. ಹೆಸರನ್ನು ಬದಲಿಸಿ ಹೊಸ ವಿಳಾಸ ಕೊಟ್ಟರೆ ಅದು ಹೊಸ ಚಿತ್ರವೆಂದು ತಿಳಿಯುತ್ತದೆ. ಸೆರಗಿನದು, ಅಂಚಿನದು ಎಂದು ಹತ್ತರವರೆಗೆ ಹೆಚ್ಚುವರಿ ಚಿತ್ರಗಳಿಗೆ `additional_image_link` ಎಂಬ ಅಂಕಣವಿದೆ.

ದೋಷವನ್ನು ಎಲ್ಲಿ ತಿದ್ದಬೇಕು ಎಂಬ ಬಗ್ಗೆ ಕಸುಬಿನವರಲ್ಲಿ ಎರಡು ಮನಸ್ಸಿದೆ. ಮೂಲ ಪಟ್ಟಿಯನ್ನು ಮುಟ್ಟದೆ, `id` ಹೊಂದಿಸಿಕೊಂಡು ಬೇಕಾದ ಅಂಕಣವನ್ನಷ್ಟೇ ಬದಲಿಸುವ ಪೂರಕ ಪಟ್ಟಿಯನ್ನು ಸೇರಿಸುವ ಸೌಲಭ್ಯ ಮರ್ಚೆಂಟ್ ಸೆಂಟರಿನಲ್ಲಿದೆ. ಇಂಥ ಪದವಿದ್ದರೆ ಇಂಥ ಮೌಲ್ಯ ತುಂಬು ಎಂಬ ನಿಯಮಗಳನ್ನೂ ಬರೆಯಬಹುದು. ವರ್ಗದ ಸಂಖ್ಯೆ, ಲಾಭದ ಚೀಟಿ ಮುಂತಾದ, ಪುಟದಲ್ಲಿ ಕಾಣದ ಮತ್ತು ಹೋಲಿಕೆಗೆ ಒಳಪಡದ ಅಂಕಣಗಳಿಗೆ ಇದು ಚೆನ್ನಾಗಿ ಒಪ್ಪುತ್ತದೆ. ಬೆಲೆ, ದಾಸ್ತಾನು, ಚಿತ್ರಗಳಿಗೆ ಮಾತ್ರ ಇದು ತೇಪೆ; ತೇಪೆ ಹಾಕಿದವರು ಕೆಲಸ ಬಿಟ್ಟುಹೋದ ಮೇಲೆ ಪುಟದ ಬೆಲೆಯನ್ನು ಎಷ್ಟು ಸಲ ಬದಲಿಸಿದರೂ ಪಟ್ಟಿಯಲ್ಲಿ ಅದೇಕೆ ಬದಲಾಗುತ್ತಿಲ್ಲ ಎಂಬುದು ಉಳಿದವರಿಗೆ ಒಗಟಾಗುತ್ತದೆ. ಯಾವ ಅಂಕಣವನ್ನು ಪುಟದೊಂದಿಗೆ ಹೋಲಿಸಲಾಗುತ್ತದೋ ಅದನ್ನು ಪುಟ ಹುಟ್ಟುವ ಜಾಗದಲ್ಲೇ, ಅಂದರೆ ಅಂಗಡಿಯ ದತ್ತಾಂಶದಲ್ಲೇ ತಿದ್ದಬೇಕು.

ತಿದ್ದಿದ ಮೇಲೆ ಫೀಡನ್ನು ಮತ್ತೆ ಸಲ್ಲಿಸಿದರೆ ಬಹಳಷ್ಟು ದೋಷಗಳು ಮರುಪರಿಶೀಲನೆಯಲ್ಲಿ ತಾನಾಗಿ ಹೋಗುತ್ತವೆ. ಹೊಸ ಸರಕಿನ ಮೊದಲ ಪರಿಶೀಲನೆಗೆ ಸಾಮಾನ್ಯವಾಗಿ ಮೂರು ಕೆಲಸದ ದಿನಗಳವರೆಗೆ ಹಿಡಿಯುವುದುಂಟು. ನೀತಿಗೆ ಸಂಬಂಧಿಸಿದ ತಿರಸ್ಕಾರಕ್ಕೆ ಮಾತ್ರ ಮರುಪರಿಶೀಲನೆಯ ವಿನಂತಿ ಸಲ್ಲಿಸಬೇಕು. ಏನನ್ನೂ ಬದಲಿಸದೆ ವಿನಂತಿಯ ಗುಂಡಿಯನ್ನು ಒತ್ತುತ್ತ ಹೋದರೆ ಮುಂದಿನ ವಿನಂತಿಗೆ ಕಾಯುವ ಅವಧಿ ಬೀಳುತ್ತದೆ, ಹಬ್ಬದ ಹೊತ್ತಿನಲ್ಲಿ ಅದು ದುಬಾರಿಯಾದೀತು. ಎಲ್ಲ ಸಾಲುಗಳೂ ಒಪ್ಪಿಗೆ ಪಡೆದ ನಂತರವೂ ಒಂದು ಗಡುವು ಉಳಿಯುತ್ತದೆ: 30 ದಿನಗಳೊಳಗೆ ಮತ್ತೆ ಸಲ್ಲಿಕೆಯಾಗದ ಸರಕು, ಅದರಲ್ಲಿ ಯಾವ ದೋಷವೂ ಇಲ್ಲದಿದ್ದರೂ, ಅವಧಿ ಮೀರಿದ್ದೆಂದು ಜಾಹೀರಾತಿನಿಂದ ಇಳಿದುಹೋಗುತ್ತದೆ.